ವರದಿಗಾರರು ಫೋನ್ ಮಾಡಿದರೆ ಅವರು ಏನು ಹೇಳುತ್ತಾರೆ? ಒಂದು ಸಣ್ಣ ಸಂಸ್ಥೆಯ ಮೊದಲ ಅಭಿಯಾನ

ಮನೆಯಲ್ಲಿ ಅಮ್ಮನಿಗೋ ಅಪ್ಪನಿಗೋ ವರ್ಷಗಟ್ಟಲೆ ಕಾಯಿಲೆ. ಬೆಳಿಗ್ಗೆ ಅವರನ್ನು ಎಬ್ಬಿಸಿ, ಮುಖ ತೊಳೆಸಿ, ಮಾತ್ರೆ ಕೊಟ್ಟು, ತಂಗಿಯನ್ನು ರೆಡಿ ಮಾಡಿ ಆಮೇಲೆ ತಾನು ಶಾಲೆಗೆ ಓಡುವುದು 11 ವರ್ಷದ ಒಂದು ಮಗು. ಶಾಲೆಗೆ ಹೋದರೆ ತಡ ಆಯ್ತು ಅಂತ ಹೊರಗೆ ನಿಲ್ಲಿಸುತ್ತಾರೆ. ಯಾಕೆ ತಡ ಅಂತ ಆ ಮಗು ಯಾರಿಗೂ ಹೇಳುವುದಿಲ್ಲ. ನಾನು ಬರೆಯುತ್ತಿರುವ ಸಂಸ್ಥೆ ಇಂಥ ಮಕ್ಕಳಿರುವ ಕುಟುಂಬಗಳ ಜೊತೆ 9 ವರ್ಷದಿಂದ ಕೆಲಸ ಮಾಡುತ್ತಿದೆ. ಸಂಬಳಕ್ಕೆ ಇರುವವರು ಮೂರು ಜನ, ಸ್ವಯಂಸೇವಕರು ಮೂವತ್ತರ ಆಸುಪಾಸು, ಕುಟುಂಬಗಳು 64. ಅಲ್ಲಿಯವರೆಗೆ ಒಂದು ಪ್ರೆಸ್ ನೋಟ್ ಕೂಡ ಕಳಿಸಿದವರಲ್ಲ. ಮೊದಲ ಸಲ ಸಾರ್ವಜನಿಕವಾಗಿ ಅಭಿಯಾನ ಮಾಡೋಣ ಅಂತ ತೀರ್ಮಾನಿಸಿದಾಗ, 12 ವಾರ ಮೊದಲು, ಮಾಧ್ಯಮದ ಕೆಲಸ ನೋಡಿಕೊಳ್ಳಲು ನನ್ನನ್ನು ಕರೆದರು.

ಕುಟುಂಬಗಳ ಗುಟ್ಟು ಕಾಪಾಡಬೇಕಾದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ, ಊರೂ ಇಲ್ಲ. ಉಳಿದದ್ದನ್ನು ಆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಕೇಳಿಕೆ, ಆಮೇಲೆ ನಕ್ಷೆ

ಮೊದಲ ಸಭೆಯಲ್ಲಿ ಅಭಿಯಾನದ ಗುರಿ ಏನು ಅಂತ ಕೇಳಿದೆ. "ಜಾಗೃತಿ ಮೂಡಿಸುವುದು" ಅಂದರು. ಯಾರಲ್ಲಿ ಅಂತ ಕೇಳಿದರೆ "ಸಮಾಜದಲ್ಲಿ" ಅಂದರು. ಇದನ್ನು ಇಟ್ಟುಕೊಂಡು ಯಾವ ನಕ್ಷೆಯೂ ಬರೆಯಲು ಆಗುವುದಿಲ್ಲ. ಯಾಕಂದ್ರೆ ಸ್ಟೇಕ್‌ಹೋಲ್ಡರ್ ನಕ್ಷೆ ಅನ್ನುವುದು ಒಂದು ನಿರ್ದಿಷ್ಟ ತೀರ್ಮಾನದ ಸುತ್ತ ಯಾರು ಯಾರು ನಿಂತಿದ್ದಾರೆ ಅಂತ ತೋರಿಸುವ ಚಿತ್ರ. ಆ ತೀರ್ಮಾನವೇ ಇಲ್ಲದಿದ್ದರೆ ಪಟ್ಟಿಗೆ ಊರಿಗೆ ಊರೇ ಬಂದು ಕೂರುತ್ತದೆ.

ಎರಡು ವಾರ ಇದಕ್ಕೇ ಹೋಯಿತು, ಹೋಗಬೇಕಾದ್ದೇ ಆಗಿತ್ತು. ಕೊನೆಗೆ ಕೇಳಿಕೆ ಇಷ್ಟಕ್ಕೆ ಬಂದು ನಿಂತಿತು: ಪ್ರತಿ ಶಾಲೆಯಲ್ಲಿ ಇಂಥ ಮಕ್ಕಳ ವಿಷಯ ಗೊತ್ತಿರುವ ಒಬ್ಬ ಶಿಕ್ಷಕರು ಇರಲಿ, ಮತ್ತು ಮನೆಯ ಜವಾಬ್ದಾರಿಯಿಂದ ತಡವಾಗಿ ಬರುವ ಮಗುವಿಗೆ ಶಿಕ್ಷೆ ಬೇಡ. ಸುತ್ತಲಿನ 23 ಶಾಲೆಗಳನ್ನು ಮೊದಲ ಹಂತಕ್ಕೆ ಆರಿಸಿಕೊಂಡೆವು. ಈಗ "ಇದು ಯಾರ ಕೈಯಲ್ಲಿದೆ?" ಅಂತ ಕೇಳಿದರೆ ಉತ್ತರ ಸಿಗುವ ಹಾಗಾಯಿತು.

ಚೀಟಿಗಳು

ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಒಂದೊಂದು ಚೀಟಿಯಲ್ಲಿ ಒಂದೊಂದು ಹೆಸರು ಬರೆದೆವು. ತೀರ್ಮಾನ ತೆಗೆದುಕೊಳ್ಳುವವರು ಯಾರು, ಅವರು ಯಾರ ಮಾತು ಕೇಳುತ್ತಾರೆ, ಇದರಿಂದ ಯಾರಿಗೆ ಕೆಲಸ ಜಾಸ್ತಿ ಆಗುತ್ತದೆ, ಯಾರಿಗೆ ನೋವಾಗಬಹುದು. ಈ ಕೊನೆಯ ಎರಡು ಪ್ರಶ್ನೆಗಳನ್ನು ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ, ಯಾರಿಗೆ ಯಾಕೆ ನೋವಾಗುತ್ತದೆ ಅನ್ನುವ ನಂಬಿಕೆ ಅವರದು.

ಮೊದಲ ಸುತ್ತಿನ ಚೀಟಿಗಳಲ್ಲಿ "ಶಾಲೆ", "ಪೋಷಕರು", "ಮಾಧ್ಯಮ", "ಸರ್ಕಾರ" ಅಂತೆಲ್ಲ ಇತ್ತು. ಇವು ಯಾವುವೂ ಫೋನ್ ಎತ್ತುವುದಿಲ್ಲ, ಫೋನ್ ಎತ್ತುವುದು ಮನುಷ್ಯರು. ಹಾಗಾಗಿ ಒಡೆಯುತ್ತಾ ಹೋದೆವು. "ಶಾಲೆ" ಅನ್ನುವ ಒಂದು ಚೀಟಿ ನಾಲ್ಕಾಯಿತು: ಮುಖ್ಯೋಪಾಧ್ಯಾಯರು, ತರಗತಿ ಶಿಕ್ಷಕರು, ಆಪ್ತ ಸಮಾಲೋಚಕರು, ಮತ್ತು ಹಾಜರಿ ದಾಖಲೆ ನೋಡಿಕೊಳ್ಳುವ ಆಫೀಸಿನ ಗುಮಾಸ್ತರು. "ಪೋಷಕರು" ಮೂರಾಯಿತು: ಕಾಯಿಲೆಯಲ್ಲಿರುವ ತಂದೆ ಅಥವಾ ತಾಯಿ, ಮನೆಯ ಇನ್ನೊಬ್ಬ ದೊಡ್ಡವರು, ಮತ್ತು ಅದೇ ತರಗತಿಯ ಬೇರೆ ಮಕ್ಕಳ ಪೋಷಕರು. ಬೇರೆ ಮಕ್ಕಳ ಪೋಷಕರು ಯಾಕೆ ಅಂದರೆ, "ಅವರ ಮಗು ತಡವಾಗಿ ಬಂದರೆ ನಡೆಯುತ್ತೆ, ನನ್ನ ಮಗು ಬಂದರೆ ಯಾಕೆ ನಡೆಯಲ್ಲ?" ಅಂತ ಮೊದಲು ಕೇಳುವವರು ಅವರೇ. ಎಲ್ಲ ಸೇರಿ 41 ಚೀಟಿ ಆಯಿತು.

ಆಮೇಲೆ ಎಲ್ಲರೂ ಬಳಸುವ ಆ ನಾಲ್ಕು ಮನೆಯ ಚೌಕ ಬರೆದೆವು. ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಆಸಕ್ತಿ. ಮೆಂಡೆಲೊ ಎಂಬ ವಿದ್ವಾಂಸರ ಹೆಸರಿನಲ್ಲಿ ಇದು ಪ್ರಚಾರದಲ್ಲಿದೆ. ಎರಡೂ ಜಾಸ್ತಿ ಇರುವವರ ಜೊತೆ ಹತ್ತಿರದಿಂದ ಕೆಲಸ ಮಾಡು, ಅಧಿಕಾರ ಇದ್ದು ಆಸಕ್ತಿ ಕಮ್ಮಿ ಇರುವವರನ್ನು ಸಮಾಧಾನವಾಗಿಡು, ಆಸಕ್ತಿ ಇದ್ದು ಅಧಿಕಾರ ಇಲ್ಲದವರಿಗೆ ಸುದ್ದಿ ತಿಳಿಸುತ್ತಿರು, ಎರಡೂ ಇಲ್ಲದವರ ಮೇಲೆ ಒಂದು ಕಣ್ಣಿಡು. ಇಷ್ಟೇ ಅದರ ಪಾಠ.

ಚೀಟಿ ಅಂಟಿಸುತ್ತಾ ಹೋದ ಹಾಗೆ ಒಂದು ವಿಷಯ ನಮ್ಮನ್ನು ತಡೆದು ನಿಲ್ಲಿಸಿತು. ಅಭಿಯಾನ ಯಾರಿಗಾಗಿಯೋ ಆ ಮಕ್ಕಳೇ "ಸುದ್ದಿ ತಿಳಿಸುತ್ತಿರು" ಅನ್ನುವ ಮೂಲೆಯಲ್ಲಿ ಬಿದ್ದಿದ್ದರು. ಕಾಯಿಲೆಯ ತಾಯಂದಿರೂ ಅಲ್ಲೇ, ತರಗತಿ ಶಿಕ್ಷಕರೂ ಅಲ್ಲೇ. ಚೌಕದ ನಿಯಮದ ಪ್ರಕಾರ ಇವರಿಗೆ ತಿಂಗಳಿಗೊಂದು ಸುದ್ದಿಪತ್ರ ಕಳಿಸಿದರೆ ಸಾಕು! ಚೌಕದಲ್ಲಿ ತಪ್ಪಿಲ್ಲ. ಅದು ಅಳೆಯುವುದು ಅಧಿಕಾರವನ್ನು, ಹಕ್ಕನ್ನಲ್ಲ. 1997ರಲ್ಲಿ ಮಿಚೆಲ್, ಏಗಲ್, ವುಡ್ ಎಂಬ ಮೂವರು ಅಧಿಕಾರದ ಜೊತೆಗೆ ಇನ್ನೆರಡು ವಿಷಯ ನೋಡಿ ಅಂದರು: ಅವರ ಕೇಳಿಕೆ ನ್ಯಾಯವಾದದ್ದಾ, ಮತ್ತು ಅದು ಎಷ್ಟು ತುರ್ತು. ಹಾಗೆ ನೋಡಿದರೆ ಮಕ್ಕಳದ್ದೂ ತಾಯಂದಿರದ್ದೂ ನ್ಯಾಯವಾದದ್ದೇ, ತುರ್ತೂ ಹೌದು. ಇಲ್ಲದಿರುವುದು ಅಧಿಕಾರ ಒಂದೇ. ಆ ಚೀಟಿಗಳನ್ನು ಮೂಲೆಯಿಂದ ತೆಗೆದು ಹಾಳೆಯ ನಡುವಿಗೆ ಅಂಟಿಸಿದೆವು.

ಫೋನ್ ಪ್ರಶ್ನೆ

ಇಲ್ಲಿಯವರೆಗೆ ನಕ್ಷೆ ಬೇರೆ, ಮಾಧ್ಯಮದ ಯೋಜನೆ ಬೇರೆ ಆಗಿತ್ತು. ಜಾಸ್ತಿ ಕಡೆ ಹೀಗೆಯೇ ನಡೆಯುತ್ತದೆ. ನಕ್ಷೆ ಮಾಡುವವರು ಒಬ್ಬರು, ಪ್ರೆಸ್ ನೋಟ್ ಬರೆಯುವವರು ಇನ್ನೊಬ್ಬರು, ಎರಡು ಕಡತ. ಆದರೆ ವರದಿಗಾರರು ಕೆಲಸ ಮಾಡುವ ರೀತಿ ನೋಡಿ. ನಿಮ್ಮ ಪ್ರೆಸ್ ನೋಟ್ ಕೈಗೆ ಸಿಕ್ಕಿದ ಮೇಲೆ ಒಳ್ಳೆಯ ವರದಿಗಾರರು ನಿಮ್ಮನ್ನು ಬಿಟ್ಟು ಇನ್ನೂ ಒಬ್ಬಿಬ್ಬರನ್ನು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಆ ಒಬ್ಬಿಬ್ಬರು ನಿಮ್ಮ ಗೋಡೆಯ ಮೇಲಿನ ಚೀಟಿಗಳಲ್ಲೇ ಇರುತ್ತಾರೆ.

ಹಾಗಾಗಿ ಪ್ರತಿ ಚೀಟಿಯ ಕೆಳಗೆ ಒಂದು ಸಾಲು ಪೆನ್ಸಿಲಿನಲ್ಲಿ ಬರೆಯಿರಿ ಅಂತ ಕೇಳಿದೆ: ಬಿಡುಗಡೆಯ ದಿನ ವರದಿಗಾರರು ಇವರಿಗೆ ಫೋನ್ ಮಾಡಿದರೆ ಇವರು ಹೇಳುವ ಒಂದು ವಾಕ್ಯ ಏನು? ಮೊದಲು ನಮ್ಮ ಊಹೆ. ಆಮೇಲೆ ಹೋಗಿ ಮಾತಾಡಿಸಿ, ಅವರು ನಿಜವಾಗಿ ಹೇಳಿದ್ದನ್ನು ಪೆನ್ನಿನಲ್ಲಿ. 41 ಜನರನ್ನೂ ಭೇಟಿ ಮಾಡಲು ಆಗಲಿಲ್ಲ. ವರದಿಗಾರರು ಫೋನ್ ಮಾಡುವ ಸಾಧ್ಯತೆ ಇರುವ 14 ಜನರನ್ನು ಆರಿಸಿಕೊಂಡೆವು. ಸಂಸ್ಥಾಪಕಿ ಮತ್ತು ನಾನು ಸೇರಿ ನಾಲ್ಕು ವಾರದಲ್ಲಿ ಮುಗಿಸಿದೆವು.

ಊಹೆಗೂ ನಿಜಕ್ಕೂ ಇದ್ದ ದೂರ ಮೂರು ಕಡೆ ತುಂಬ ದೊಡ್ಡದಾಗಿತ್ತು.

ಶಿಕ್ಷಕರ ಸಂಘದ ಪದಾಧಿಕಾರಿ "ಸ್ವಾಗತಿಸುತ್ತೇವೆ" ಅಂತಾರೆ ಅಂತ ಬರೆದಿದ್ದೆವು. ಅವರು ನಮ್ಮ ಕರಡು ಓದಿ, "ಇನ್ನೊಂದು ಫಾರಂ ನಮ್ಮ ತಲೆ ಮೇಲೆ, ಅಷ್ಟೇ ತಾನೆ?" ಅಂದರು. ಕೋಪದಿಂದ ಅಲ್ಲ, ಸುಸ್ತಿನಿಂದ. ಕರಡಿನಲ್ಲಿ ನಿಜಕ್ಕೂ ಎರಡು ಪುಟದ ಫಾರಂ ಇತ್ತು. ಅವರ ಜೊತೆಯೇ ಕೂತು ಅದನ್ನು ತೆಗೆದೆವು. ಈಗಾಗಲೇ ಇರುವ ಹಾಜರಿ ದಾಖಲೆಯಲ್ಲಿ ತಡವಾಗಿ ಬಂದದ್ದಕ್ಕೆ ಹಾಕುವ ಗುರುತಿನ ಜೊತೆ ಇನ್ನೊಂದು ಗುರುತು, ಅದರ ಅರ್ಥ "ಕಾರಣ ಗೊತ್ತಿದೆ, ಕೇಳಬೇಡಿ". ಇಷ್ಟೇ ಉಳಿಯಿತು.

ಕಾಯಿಲೆಯಲ್ಲಿರುವ ಒಬ್ಬ ತಾಯಿ ಕೇಳಿದ್ದು ಇದಕ್ಕಿಂತ ಕಷ್ಟದ ಪ್ರಶ್ನೆ. "ಈ ಸುದ್ದಿ ಬಂದ ಮೇಲೆ ಯಾರಾದರೂ ಬಂದು ನನ್ನ ಮಗನನ್ನು ಕರೆದುಕೊಂಡು ಹೋಗಲ್ಲ ಅಲ್ವಾ?" ಮಗು ಮನೆಯ ಕೆಲಸ ಹೊತ್ತಿದೆ ಅಂತ ಗೊತ್ತಾದರೆ ಮಕ್ಕಳ ರಕ್ಷಣೆಯ ಅಧಿಕಾರಿಗಳು ಮಗುವನ್ನು ಬೇರೆ ಕಡೆ ಕಳಿಸುತ್ತಾರೆ ಅನ್ನುವ ಭಯ. ಎಷ್ಟೋ ಕುಟುಂಬಗಳು ಇದನ್ನು ಗುಟ್ಟಾಗಿಡುವುದು ಈ ಭಯದಿಂದಲೇ. ನಮ್ಮ ಊಹೆಯಲ್ಲಿ ಆ ತಾಯಿ "ಧನ್ಯವಾದ" ಹೇಳಿದ್ದರು.

ಮೂರನೆಯದು ಅಂಗವಿಕಲರ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ದೊಡ್ಡ ಸಂಸ್ಥೆ. ಜೊತೆಗೆ ನಿಲ್ಲುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದು: "ನಿಮ್ಮ ಪೋಸ್ಟರ್ ನೋಡಿದರೆ ಅಂಗವಿಕಲ ತಾಯಿ ಅಂದರೆ ಮಗುವಿನ ತಲೆಯ ಮೇಲಿನ ಭಾರ ಅಂತ ಅನಿಸುತ್ತದೆ. ಮನೆಗೆ ಸರಿಯಾದ ನೆರವು ಸಿಗದಿರುವುದು ಸಮಸ್ಯೆ. ತಾಯಿ ಸಮಸ್ಯೆ ಅಲ್ಲ." ಇದು ಹೊಸ ತಕರಾರಲ್ಲ. ಬ್ರಿಟನ್ನಿನಲ್ಲಿ ಇದೇ ಚರ್ಚೆ 1990ರ ದಶಕದಲ್ಲೇ ಜೋರಾಗಿ ನಡೆದಿದೆ. ನಮಗೆ ಮೊದಲೇ ತಿಳಿದಿರಬೇಕಿತ್ತು. ಅವರು ಇದೇ ಮಾತನ್ನು ಬಿಡುಗಡೆಯ ದಿನ ರೇಡಿಯೊದಲ್ಲಿ ಹೇಳಿದ್ದರೆ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ, ಯಾಕಂದ್ರೆ ಅವರು ಹೇಳಿದ್ದು ಸರಿ.

ಪೋಸ್ಟರ್‌ನ "ಪುಟ್ಟ ಹೀರೋಗಳು" ಹೋಯಿತು. "ಕಳೆದುಹೋದ ಬಾಲ್ಯ" ಹೋಯಿತು. ಎಲ್ಲ ಬರಹಗಳಲ್ಲೂ ಒಂದು ಸಾಲು ಸೇರಿತು: ಈ ಮಕ್ಕಳು ತಮ್ಮ ಮನೆಯಲ್ಲೇ, ತಮ್ಮ ಅಪ್ಪ ಅಮ್ಮನ ಜೊತೆಯೇ ಇರಬೇಕು, ಅದಕ್ಕೆ ಶಾಲೆ ಸ್ವಲ್ಪ ಜಾಗ ಮಾಡಿಕೊಡಬೇಕು.

ಸಂಖ್ಯೆ

ಪ್ರೆಸ್ ನೋಟ್‌ನ ಮೊದಲ ಕರಡು ಹೀಗೆ ಶುರುವಾಗಿತ್ತು: "ಮನೆಯವರ ಆರೈಕೆ ಮಾಡುವ ಶೇಕಡಾ 70ರಷ್ಟು ಮಕ್ಕಳು ಶಾಲೆಗೆ ತಡವಾಗಿ ಹೋಗುತ್ತಾರೆ." ಎಲ್ಲಿಂದ ಬಂತು ಅಂತ ನೋಡಿದರೆ, ನಮ್ಮ 64 ಕುಟುಂಬಗಳನ್ನು ಕೇಳಿದಾಗ 45 ಕುಟುಂಬಗಳು ವಾರಕ್ಕೆ ಒಮ್ಮೆಯಾದರೂ ತಡ ಆಗುತ್ತದೆ ಅಂದಿದ್ದವು. ಲೆಕ್ಕ ಸರಿ. ಆದರೆ ವಾಕ್ಯ ತಪ್ಪು. ಈ 64 ಕುಟುಂಬಗಳು ನಮ್ಮ ಬಳಿ ಬಂದದ್ದೇ ಕಷ್ಟ ಹೆಚ್ಚಾದ ಮೇಲೆ. ಕಷ್ಟ ಇಲ್ಲದೆ ನಡೆಸಿಕೊಂಡು ಹೋಗುತ್ತಿರುವ ಮನೆಗಳು ನಮ್ಮ ಲೆಕ್ಕದಲ್ಲೇ ಇಲ್ಲ. ಹಾಗಿರುವಾಗ ಎಲ್ಲ ಮಕ್ಕಳ ಬಗ್ಗೆ ಹೇಳಲು ನಮಗೆ ಆಧಾರ ಇಲ್ಲ.

ಅಡಿಟಿಪ್ಪಣಿಯಲ್ಲಿ ಇದನ್ನು ಹೇಳಿದರೆ ಸಾಲದು. ಶೇಕಡಾವಾರು ಸಂಖ್ಯೆಗೆ ಒಂದು ಕೆಟ್ಟ ಗುಣ ಇದೆ, ಅದು ತನ್ನ ಬುಡವನ್ನು ಬಿಟ್ಟು ಒಂಟಿಯಾಗಿ ಓಡುತ್ತದೆ. "ಶೇ. 70" ಅನ್ನುವುದು ತಲೆಬರಹಕ್ಕೆ ಹೋದರೆ 64 ಎಲ್ಲೋ ಕೆಳಗೆ ಉಳಿಯುತ್ತದೆ, ಮಾರನೆಯ ದಿನದ ವರದಿಯಲ್ಲಿ ಅದೂ ಇರುವುದಿಲ್ಲ. ಅದಕ್ಕೇ ಶೇಕಡಾವಾರನ್ನು ಪೂರ್ತಿ ತೆಗೆದು "ನಮ್ಮ ಬಳಿ ಬಂದ 64 ಕುಟುಂಬಗಳಲ್ಲಿ 45" ಅಂತ ಬರೆದೆವು. ಈ ವಾಕ್ಯವನ್ನು ಒಡೆಯಲು ಆಗುವುದಿಲ್ಲ, ಎರಡು ಸಂಖ್ಯೆಯೂ ಒಟ್ಟಿಗೇ ಹೋಗಬೇಕು. ಟ್ರಸ್ಟಿಯೊಬ್ಬರಿಗೆ ಇದು ಸಪ್ಪೆ ಅನಿಸಿತು. ಆದರೆ ಬಿಡುಗಡೆಯ ದಿನ ಇಬ್ಬರು ವರದಿಗಾರರು ಮೊದಲು ಕೇಳಿದ್ದೇ "ಈ ಸಂಖ್ಯೆ ಎಲ್ಲಿಂದ?" ಅಂತ, ಮತ್ತು ಉತ್ತರ ಆ ವಾಕ್ಯದಲ್ಲೇ ಇತ್ತು.

ಮುಖ ಬೇಕು ಅಂತಾರೆ

ಮಾಧ್ಯಮದವರ ಜೊತೆ ಮೊದಲ ಸಲ ಕೆಲಸ ಮಾಡುವ ಸಂಸ್ಥೆಗಳು ನಿಜವಾಗಿ ಸಿಕ್ಕಿಬೀಳುವುದು ಇಲ್ಲಿ. ವರದಿಗಾರರಿಗೆ ಒಂದು ಮಗು ಬೇಕು. ಅವರ ಕಡೆಯಿಂದ ನೋಡಿದರೆ ಅದು ತಪ್ಪಲ್ಲ, ಮನುಷ್ಯರೇ ಇಲ್ಲದ ವರದಿಯನ್ನು ಯಾರೂ ಓದುವುದಿಲ್ಲ. ಆದರೆ ನಮ್ಮ ಕಡೆಯಿಂದ?

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಎರಡು ವಿಧಿಗಳಿವೆ. 12ನೆಯದು, ಮಗುವಿಗೆ ತನ್ನ ವಿಷಯದಲ್ಲಿ ಮಾತಾಡುವ ಹಕ್ಕಿದೆ ಅನ್ನುತ್ತದೆ. 16ನೆಯದು, ಅದರ ಖಾಸಗಿ ಬದುಕಿಗೆ ರಕ್ಷಣೆ ಇದೆ ಅನ್ನುತ್ತದೆ. ಮಗುವನ್ನು ಪೂರ್ತಿ ಮುಚ್ಚಿಟ್ಟರೆ ಮೊದಲನೆಯದಕ್ಕೆ ತಪ್ಪುತ್ತೇವೆ, ಕ್ಯಾಮೆರಾ ಮುಂದೆ ಕೂರಿಸಿದರೆ ಎರಡನೆಯದಕ್ಕೆ. ನಾವು ಎರಡೂ ಉಳಿಯುವ ಒಂದು ದಾರಿ ಹುಡುಕಿದೆವು. ಚಿಕ್ಕವರಿದ್ದಾಗ ಹೀಗೆ ಆರೈಕೆ ಮಾಡಿ ಈಗ ದೊಡ್ಡವರಾಗಿರುವ ಮೂವರು ತಮ್ಮ ಸ್ವಂತ ಹೆಸರು, ಮುಖದ ಜೊತೆ ಮಾತಾಡಲು ಒಪ್ಪಿದರು. ಟಿವಿ ಮತ್ತು ಫೋಟೊ ಬೇಕಾದವರಿಗೆಲ್ಲ ಇವರೇ. ಈಗ ಶಾಲೆಯಲ್ಲಿರುವ ಇಬ್ಬರು ಮಕ್ಕಳು ಹೆಸರು ಬದಲಿಸಿ, ಬರಹದ ವರದಿಗೆ ಮಾತ್ರ ಮಾತಾಡುವುದು ಅಂತ ಆಯಿತು.

ಹೆಸರು ಬದಲಿಸಿದರೆ ಆಯಿತು ಅಂತ ಅಂದುಕೊಳ್ಳಬೇಡಿ. ಒಂದು ವರದಿಯಲ್ಲಿ ತಾಯಿಯ ಕಾಯಿಲೆಯ ಹೆಸರು, ಇನ್ನೊಂದರಲ್ಲಿ ಮಗುವಿನ ವಯಸ್ಸು ಮತ್ತು ತರಗತಿ, ಮೂರನೆಯದರಲ್ಲಿ "ಅವಳಿ ತಂಗಿಯರು" ಅಂತ ಬಂದರೆ, ಮೂರನ್ನೂ ಓದಿದ ಪಕ್ಕದ ಮನೆಯವರಿಗೆ ಆ ಮಗು ಯಾರು ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೆ ಪ್ರತಿ ಮಗುವಿಗೂ ಒಂದು ಹಾಳೆ ಮಾಡಿದೆವು. ಯಾವ ವಿವರ ಕೊಡಬಹುದು, ಯಾವುದನ್ನು ಯಾರಿಗೂ ಕೊಡಬಾರದು ಅಂತ. ಎಲ್ಲ ವರದಿಗಾರರಿಗೂ ಅದೇ ವಿವರ, ಒಂದಕ್ಷರ ಜಾಸ್ತಿ ಇಲ್ಲ.

ಒಪ್ಪಿಗೆಯನ್ನು ಮೂರು ಸಲ ಕೇಳಿದೆವು. ಮೊದಲ ಸಲ ಕೇಳಿದಾಗ ಜನ ಸಂಸ್ಥೆಯ ಋಣಕ್ಕೆ ಹೂಂ ಅಂತಾರೆ, ಆ ಹೂಂ ನಂಬಬಾರದು. ಒಂದು ವಾರ ಬಿಟ್ಟು, ನಮ್ಮ ಸಹಾಯಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಮತ್ತೆ ಹೇಳಿ, ಎರಡನೆಯ ಸಲ. ವರದಿಗಾರರು ಬರುವ ಹಿಂದಿನ ದಿನ ಮೂರನೆಯ ಸಲ. ಮಗುವಿನ ಒಪ್ಪಿಗೆ ಬೇರೆ, ತಾಯಿಯದು ಬೇರೆ, ಯಾಕಂದ್ರೆ ಹೊರಗೆ ಬರುವುದು ತಾಯಿಯ ಕಾಯಿಲೆಯ ವಿಷಯ, ಅದನ್ನು ಹೇಳುವ ಹಕ್ಕು ಮಗುವಿಗೂ ಇಲ್ಲ, ನಮಗೂ ಇಲ್ಲ. ಒಮ್ಮೆ ಪ್ರಕಟವಾದರೆ ವಾಪಸ್ ತೆಗೆಯಲು ಆಗುವುದಿಲ್ಲ ಅನ್ನುವುದನ್ನೂ ಬಿಡಿಸಿ ಹೇಳಿದೆವು. ಹಿಂದಿನ ದಿನ ಒಬ್ಬ ಹುಡುಗ ಬೇಡ ಅಂದ. ಕಾರಣ ಕೇಳಲಿಲ್ಲ. ವರದಿಗಾರರಿಗೆ ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಅವರಿಗೂ ಬೇಸರವಾಗಲಿಲ್ಲ.

ಒಂಬತ್ತು ಜನ

ಟ್ರಸ್ಟಿಯೊಬ್ಬರು ಎಲ್ಲಿಂದಲೋ ಅರವತ್ತಕ್ಕೂ ಹೆಚ್ಚು ಮಾಧ್ಯಮದವರ ಇಮೇಲ್ ಪಟ್ಟಿ ತಂದುಕೊಟ್ಟರು. ಬಳಸಲಿಲ್ಲ. ಶಿಕ್ಷಣ, ಆರೋಗ್ಯ, ಕುಟುಂಬದ ವಿಷಯ ಬರೆಯುವವರ ಹಿಂದಿನ ಮೂರು ತಿಂಗಳ ವರದಿಗಳನ್ನು ಓದಿ 9 ಜನರನ್ನು ಆರಿಸಿದೆ. ನೋಡಿದ್ದು ಎರಡೇ ವಿಷಯ: ಮಕ್ಕಳ ಬಗ್ಗೆ ಹೇಗೆ ಬರೆದಿದ್ದಾರೆ, ಮತ್ತು ಸಂಸ್ಥೆಯವರು ಹೇಳಿದ್ದನ್ನು ಬಿಟ್ಟು ಬೇರೆಯವರನ್ನೂ ಕೇಳುತ್ತಾರಾ. ಪ್ರತಿಯೊಬ್ಬರಿಗೂ ಬೇರೆ ಬೇರೆ ಇಮೇಲ್, ಆರೇಳು ಸಾಲು, ಅವರ ವಿಷಯಕ್ಕೆ ಇದು ಯಾಕೆ ಸೇರುತ್ತದೆ ಅಂತ ಮೊದಲ ಸಾಲಿನಲ್ಲೇ.

ಪತ್ರಿಕಾಗೋಷ್ಠಿ ಬೇಡ ಅಂತ ತೀರ್ಮಾನಿಸಿದೆವು. ಹೆಸರೇ ಕೇಳದ ಸಂಸ್ಥೆಯ ಗೋಷ್ಠಿಗೆ ನಾಲ್ಕು ಜನ ಬರುತ್ತಾರೆ, ಬಂದವರು ಮಗು ಎಲ್ಲಿ ಅಂತ ಕೇಳುತ್ತಾರೆ. ಅದರ ಬದಲು ಎಂಬಾರ್ಗೊ ಇಟ್ಟು ಸಾಮಗ್ರಿ ಕೊಡುವುದು ಅಂತಾಯಿತು, ಅಂದರೆ ಮೊದಲೇ ಕೊಡುತ್ತೇವೆ, ಇಂಥ ದಿನ ಬೆಳಿಗ್ಗೆ 6ರ ಮೊದಲು ಪ್ರಕಟಿಸುವ ಹಾಗಿಲ್ಲ. ಇದರಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ಇಮೇಲಿನ ತಲೆಯಲ್ಲಿ ದೊಡ್ಡದಾಗಿ ಎಂಬಾರ್ಗೊ ಅಂತ ಬರೆದು ಕಳಿಸಿಬಿಡುತ್ತಾರೆ. ಎಂಬಾರ್ಗೊ ಒಂದು ಒಪ್ಪಂದ, ಇನ್ನೊಬ್ಬರು ಒಪ್ಪದೆ ಅದು ಆಗುವುದಿಲ್ಲ. ಮೊದಲು ಫೋನಿನಲ್ಲಿ "ಒಪ್ಪುತ್ತೀರಾ?" ಅಂತ ಕೇಳಬೇಕು, ಹೌದು ಅಂದಮೇಲೆ ಕಳಿಸಬೇಕು. 9 ಜನರಲ್ಲಿ 4 ಜನ ಒಪ್ಪಿದರು. ಉಳಿದವರಿಗೆ ಆ ದಿನ ಬೆಳಿಗ್ಗೆಯೇ ಕಳಿಸುತ್ತೇವೆ ಅಂದೆವು.

ಆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಮಗುವಿನ ಸಂದರ್ಶನ. ಅವರು ಎರಡು ವಾರ ಸಮಯ ತೆಗೆದುಕೊಂಡು ಬರೆಯುವವರು. ಸಂದರ್ಶನ ಒಬ್ಬರಿಗಷ್ಟೇ, ಉಳಿದದ್ದೆಲ್ಲ ಎಲ್ಲರಿಗೂ ಒಂದೇ ಹೊತ್ತಿಗೆ ಅಂತ ನಾಲ್ವರಿಗೂ ಮುಂಚೆಯೇ ಹೇಳಿದೆವು. ಇಂಥದ್ದನ್ನು ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಸಿಟ್ಟು ಬರುವುದು ಸಹಜ. ಬರೆದದ್ದನ್ನು ಮೊದಲೇ ತೋರಿಸಿ ಅಂತ ಕೇಳಲಿಲ್ಲ, ಬಹಳ ಪತ್ರಕರ್ತರು ಅದಕ್ಕೆ ಒಪ್ಪುವುದಿಲ್ಲ. ಮಗುವಿನ ಮಾತುಗಳನ್ನಷ್ಟೇ ಫೋನಿನಲ್ಲಿ ಓದಿ ಹೇಳುತ್ತೀರಾ ಅಂತ ಕೇಳಿದೆವು, ಒಪ್ಪಿದರು.

ವಕ್ತಾರರು ಸಂಸ್ಥಾಪಕಿ ಒಬ್ಬರೇ. ಫೋನ್ ಯಾರು ಎತ್ತಿದರೂ ಬರೆದುಕೊಳ್ಳಬೇಕಾದ್ದು ನಾಲ್ಕು: ಹೆಸರು, ಯಾವ ಮಾಧ್ಯಮ, ಏನು ಪ್ರಶ್ನೆ, ಎಷ್ಟು ಹೊತ್ತಿಗೆ ಬೇಕು. 20 ನಿಮಿಷದಲ್ಲಿ ಅವರು ವಾಪಸ್ ಮಾಡುತ್ತಾರೆ. ಕಷ್ಟದ ಪ್ರಶ್ನೆಗಳನ್ನು ಜೋರಾಗಿ ಕೇಳಿ ಕೇಳಿ ಅಭ್ಯಾಸ ಮಾಡಿಸಿದೆ. "ಹಾಗಾದರೆ ಈ ಮಕ್ಕಳನ್ನು ಆ ಮನೆಯಿಂದ ಬಿಡಿಸಬೇಕಲ್ವಾ?" ಅನ್ನುವುದಕ್ಕೆ ಮೊದಲು ಅವರು "ಇಲ್ಲ ಇಲ್ಲ, ಬಿಡಿಸಬೇಕು ಅಂತ ನಾವು ಹೇಳುತ್ತಿಲ್ಲ" ಅನ್ನುತ್ತಿದ್ದರು. ಹಾಗೆ ಅಂದರೆ ಬೈಟ್‌ನಲ್ಲಿ ಉಳಿಯುವುದು "ಬಿಡಿಸಬೇಕು" ಅನ್ನುವ ಪದವೇ. ಐದನೆಯ ಸಲ ತಾವಾಗಿಯೇ ಹೇಳಿದರು: "ಆ ಮಗುವಿಗೆ ಅಮ್ಮ ಬೇಕು, ಅಮ್ಮನಿಗೆ ಮಗು ಬೇಕು. ಇಬ್ಬರಿಗೂ ಬೇಕಾಗಿರುವುದು ಶಾಲೆಯಿಂದ ಹತ್ತು ನಿಮಿಷದ ವಿನಾಯಿತಿ." ಮುಂದೆ ಅದನ್ನೇ ಹೇಳಿದರು.

ಹಿಂದಿನ ರಾತ್ರಿ

ಎಡವಿದ್ದು ಎಲ್ಲಿ ಅಂದರೆ, ಯಾರ ಬಗ್ಗೆ ನಮಗೆ ಒಂದಿಷ್ಟೂ ಚಿಂತೆ ಇರಲಿಲ್ಲವೋ ಅಲ್ಲಿ. ನಮಗೆ ಹಣ ಕೊಡುವ ಪ್ರತಿಷ್ಠಾನ ನಕ್ಷೆಯಲ್ಲಿ "ಸಮಾಧಾನವಾಗಿಡು" ಅನ್ನುವ ಮೂಲೆಯಲ್ಲಿತ್ತು. ಫೋನ್ ಪ್ರಶ್ನೆಗೂ ಅವರು ಚೆನ್ನಾಗಿಯೇ ಉತ್ತರಿಸಿದ್ದರು. ಸೌಜನ್ಯಕ್ಕೆ ಅಂತ ಪ್ರೆಸ್ ನೋಟ್ ಅವರಿಗೂ ಕಳಿಸಿದ್ದೆವು. ಬಿಡುಗಡೆಯ ಹಿಂದಿನ ರಾತ್ರಿ 8ಕ್ಕೆ ಅವರ ಪ್ರಚಾರ ವಿಭಾಗದವರು ಖುಷಿಯಿಂದಲೇ ಅದನ್ನು ತಮ್ಮ ಪುಟದಲ್ಲಿ ಹಾಕಿಬಿಟ್ಟರು. ಜೊತೆಗೆ ಎಲ್ಲೋ ಸಿಕ್ಕ, ಅಳುತ್ತಿರುವ ಮಗುವಿನ ಚಿತ್ರ. ಮೇಲೆ "ಕಳೆದುಹೋದ ಬಾಲ್ಯ" ಅಂತ.

ಅವರನ್ನು ನಾವು ಹಣದ ಲೆಕ್ಕದಲ್ಲಿ ಮಾತ್ರ ನೋಡಿದ್ದೆವು. ಅವರ ಕೈಯಲ್ಲೇ ನಮಗಿಂತ ದೊಡ್ಡ ಧ್ವನಿವರ್ಧಕ ಇದೆ ಅನ್ನುವುದು ಹೊಳೆದಿರಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಅಂತ ಕೇಳಿದ್ದೆವು. ಯಾರೂ ಕೇಳದೆ ನೀವಾಗಿಯೇ ಏನು ಹೇಳುತ್ತೀರಿ, ಯಾವಾಗ ಅಂತ ಕೇಳಿರಲಿಲ್ಲ.

ಮೊದಲು ಪ್ರತಿಷ್ಠಾನಕ್ಕೆ ಫೋನ್ ಮಾಡಿ ಚಿತ್ರ, ತಲೆಬರಹ ತೆಗೆಸಿದೆವು. ಅರ್ಧ ಗಂಟೆಯಲ್ಲಿ ತೆಗೆದರು. ಕೂಡಲೇ ನಾಲ್ಕು ವರದಿಗಾರರಿಗೂ ಫೋನ್ ಮಾಡಿ ಆದದ್ದನ್ನು ಹೇಳಿ, ಎಂಬಾರ್ಗೊ ಇನ್ನು ನಿಮ್ಮನ್ನು ಕಟ್ಟಿಹಾಕುವುದಿಲ್ಲ, ನಿಮ್ಮ ಇಷ್ಟ ಅಂದೆವು. ಅವರಿಗೆ ಬೇರೆಯವರಿಂದ ಗೊತ್ತಾಗುವ ಮೊದಲು ನಮ್ಮಿಂದ ಗೊತ್ತಾಗಬೇಕಿತ್ತು. ಇಬ್ಬರು ರಾತ್ರಿಯೇ ಹಾಕಿದರು, ಇಬ್ಬರು ಬೆಳಿಗ್ಗೆಗೆ ಕಾದರು. ಮಗುವಿನ ಸಂದರ್ಶನ ಮಾಡಿದ್ದವರು ಕಾದವರಲ್ಲಿ ಒಬ್ಬರು.

ಬೆಳಿಗ್ಗೆ ಆ ಬರಹ ಓದಿದೆವು. ತುಂಬ ಜಾಗ್ರತೆಯಿಂದ ಬರೆದಿದ್ದರು. ಆದರೆ ತಲೆಬರಹದಲ್ಲಿ "ಬಾಲ್ಯವೇ ಇಲ್ಲದ ಮಗು" ಅಂತ ಇತ್ತು. ಸಂಸ್ಥಾಪಕಿ ವರದಿಗಾರರಿಗೆ ಫೋನ್ ಮಾಡಲು ಹೊರಟರು, ನಾನು ತಡೆದೆ. ಪತ್ರಿಕೆಗಳಲ್ಲಿ ತಲೆಬರಹ ಕೊಡುವುದು ಸಾಮಾನ್ಯವಾಗಿ ಡೆಸ್ಕಿನ ಉಪಸಂಪಾದಕರು. ತಿದ್ದುಪಡಿ ಕೇಳಬೇಕಾದ್ದು ತಪ್ಪು ಮಾಹಿತಿಗೆ, ಇಷ್ಟವಾಗದ ಧಾಟಿಗೆ ಕೇಳಿದರೆ ಮುಂದೆ ನಿಜವಾದ ತಪ್ಪು ಬಂದಾಗ ನಮ್ಮ ಮಾತು ಯಾರೂ ಕೇಳುವುದಿಲ್ಲ. ಅದರ ಬದಲು ಅವರು ಆ ಮಗುವಿನ ತಾಯಿಗೆ ಫೋನ್ ಮಾಡಿ, ಬೇರೆಯವರು ತೋರಿಸುವ ಮೊದಲೇ ಓದಿ ಹೇಳಿದರು. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಒಳಗೆ ಬರೆದಿರೋದು ಸರಿಯಾಗಿದೆ" ಅಂದರಂತೆ.

ಮಧ್ಯಾಹ್ನ ರೇಡಿಯೊ ಕಾರ್ಯಕ್ರಮದವರು, ನಾವು ಅಂದುಕೊಂಡ ಹಾಗೆಯೇ, ಶಿಕ್ಷಕರ ಸಂಘದ ಅದೇ ಪದಾಧಿಕಾರಿಯನ್ನು ಕೇಳಿದರು. "ಮೊದಲ ಕರಡು ನೋಡಿ ನಾನು ಬೇಡ ಅಂದಿದ್ದೆ. ಈಗ ಕೇಳುತ್ತಿರುವುದು ಒಂದು ಗುರುತು ಮಾತ್ರ, ಅದನ್ನು ಮಾಡಬಹುದು" ಅಂದರು. ಅಭಿಯಾನಕ್ಕೆ ಆ ದಿನ ಸಿಕ್ಕ ಅತಿ ದೊಡ್ಡ ಬಲ ಅದು. ನಮ್ಮವರು ಹತ್ತು ಸಲ ಹೇಳಿದರೂ ಅಷ್ಟು ತೂಕ ಬರುತ್ತಿರಲಿಲ್ಲ, ಯಾಕಂದ್ರೆ ಅವರು ನಮ್ಮವರಲ್ಲ.

ಆರು ತಿಂಗಳು ಆದಮೇಲೆ

ಬಂದ ಸುದ್ದಿಗಳನ್ನು ಅಳತೆ ಮಾಡಿ, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಕೊಡಿ ಅಂತ ಟ್ರಸ್ಟಿಗಳು ಕೇಳಿದರು. ಕೊಡಲಿಲ್ಲ. 2010ರಲ್ಲಿ ಬಾರ್ಸಿಲೋನಾದಲ್ಲಿ ಈ ಕ್ಷೇತ್ರದವರೇ ಕೂಡಿ, ಜಾಹೀರಾತಿನ ಬೆಲೆ ಸಾರ್ವಜನಿಕ ಸಂಪರ್ಕದ ಬೆಲೆಯಲ್ಲ ಅಂತ ಬರೆದಿಟ್ಟಿದ್ದಾರೆ. ನಾವು ಎಣಿಸಿದ್ದು ಬೇರೆ. ಒಟ್ಟು 7 ವರದಿ ಬಂದವು. ಅವುಗಳಲ್ಲಿ ಶಾಲೆಗಳಿಂದ ನಾವು ಏನು ಕೇಳುತ್ತಿದ್ದೇವೆ ಅನ್ನುವುದು ಇದ್ದದ್ದು 4ರಲ್ಲಿ. ಉಳಿದ ಮೂರರಲ್ಲಿ ಮಕ್ಕಳ ಕಷ್ಟ ಇತ್ತು, ಕೇಳಿಕೆ ಇರಲಿಲ್ಲ. ತಪ್ಪು ನಮ್ಮದೇ, ಪ್ರೆಸ್ ನೋಟ್‌ನಲ್ಲಿ ಕೇಳಿಕೆ ಐದನೆಯ ಪ್ಯಾರಾದಲ್ಲಿತ್ತು. ಕೆಳಗಿನಿಂದ ಕತ್ತರಿಸುತ್ತಾ ಬರುವುದು ಡೆಸ್ಕಿನ ರೂಢಿ. ಮುಂದಿನ ಸಲ ಅದು ಎರಡನೆಯ ವಾಕ್ಯ.

23 ಶಾಲೆಗಳಲ್ಲಿ 14 ಒಪ್ಪಿಕೊಂಡವು. ನಮಗೆಲ್ಲ ಸಂತೋಷ. ಆಮೇಲೆ ಒಪ್ಪಿದ ಶಾಲೆಗಳಿಗೆ ಹೋಗಿ ಹಾಜರಿ ದಾಖಲೆ ತೋರಿಸಿ ಅಂತ ಕೇಳಿದೆವು. ಆ ಗುರುತು ನಿಜವಾಗಿ ಬಳಕೆಯಲ್ಲಿದ್ದದ್ದು 5 ಶಾಲೆಗಳಲ್ಲಿ. ಉಳಿದ ಒಂಬತ್ತರಲ್ಲಿ ಮುಖ್ಯೋಪಾಧ್ಯಾಯರಿಗೆ ಗೊತ್ತು, ಶಿಕ್ಷಕರಿಗೂ ಗೊತ್ತು, ಮಗು ಮಾತ್ರ ಇನ್ನೂ ತಡ ಆಯಿತು ಅಂತ ಹೊರಗೆ ನಿಲ್ಲುತ್ತಿತ್ತು. ಐದಕ್ಕೂ ಒಂಬತ್ತಕ್ಕೂ ಏನು ವ್ಯತ್ಯಾಸ ಅಂತ ಹುಡುಕಿದಾಗ ಸಿಕ್ಕಿದ್ದು ಇದು: ಆ ಐದು ಶಾಲೆಗಳಲ್ಲಿ ನಮ್ಮ ಸ್ವಯಂಸೇವಕರು, ಯಾರೂ ಹೇಳದೆ, ಆಫೀಸಿನ ಗುಮಾಸ್ತರ ಪಕ್ಕದಲ್ಲಿ ಕೂತು ಗುರುತು ಎಲ್ಲಿ ಹಾಕುವುದು, ಯಾಕೆ ಅಂತ ತೋರಿಸಿದ್ದರು.

ಗೋಡೆಯ ಹಾಳೆ ಇನ್ನೂ ಇದೆ. ಗುಮಾಸ್ತರ ಚೀಟಿ ಅಧಿಕಾರವೂ ಇಲ್ಲ, ಆಸಕ್ತಿಯೂ ಇಲ್ಲ ಅನ್ನುವ ಕೆಳಗಿನ ಮೂಲೆಯಲ್ಲಿತ್ತು, ಅದರ ಕೆಳಗೆ ಪೆನ್ಸಿಲಿನಲ್ಲೂ ಏನೂ ಬರೆದಿರಲಿಲ್ಲ. ಈಗ ಉಳಿದ 9 ಶಾಲೆಗಳ ಗುಮಾಸ್ತರನ್ನು ಒಬ್ಬೊಬ್ಬರಾಗಿ ಭೇಟಿ ಮಾಡುತ್ತಿದ್ದೇವೆ, ಮೂವರು ಆಗಿದ್ದಾರೆ.